ಮಸಾಲೆಪುಡಿ ವ್ಯಾಪಾರದ 'ನಮ್ಮ ಬಗ್ಗೆ' ಪುಟ: ಈ ಕರಡಿನಲ್ಲಿ ಯಾವ ಸಾಲು ನಿಲ್ಲುತ್ತದೆ, ಯಾವುದು ಬೀಳುತ್ತದೆ?

ಹುಳಿಪುಡಿ_ಬಸವನಗುಡಿ

ನಮಸ್ಕಾರ. ಮನೆಯವರೇ ನಡೆಸುವ ಮಸಾಲೆಪುಡಿ ವ್ಯಾಪಾರ ನಮ್ಮದು. ಹುಳಿಪುಡಿ, ಸಾರಿನಪುಡಿ, ವಾಂಗಿಬಾತ್ ಪುಡಿ, ಅಚ್ಚಖಾರದ ಪುಡಿ, ಈ ನಾಲ್ಕೇ. ಈಗ ವೆಬ್‌ಸೈಟ್ ಮಾಡಿಸುತ್ತಿದ್ದೇವೆ. 'ನಮ್ಮ ಬಗ್ಗೆ' ಪುಟಕ್ಕೆ ಡಿಸೈನ್ ಮಾಡುವ ಹುಡುಗ ಬರೆದುಕೊಟ್ಟ ಕರಡು ಹೀಗಿದೆ:

> ಅಜ್ಜಿಯ ಅಡುಗೆಮನೆಯಲ್ಲಿ ಹುಟ್ಟಿದ ರುಚಿ. ನಾಲ್ಕು ತಲೆಮಾರುಗಳ ಪರಂಪರೆ. ಬ್ಯಾಡಗಿಯ ರೈತರಿಂದ ನೇರವಾಗಿ ತಂದ ಮೆಣಸಿನಕಾಯಿಯಿಂದ ಮನೆಯಲ್ಲೇ ತಯಾರಿಸಿದ ಶುದ್ಧ, ನೈಸರ್ಗಿಕ ಹುಳಿಪುಡಿ. ರಾಸಾಯನಿಕವಿಲ್ಲ, ಬಣ್ಣವಿಲ್ಲ, ಏನೂ ಸೇರಿಸಿಲ್ಲ. ಎಫ್‌ಎಸ್‌ಎಸ್‌ಎಐ ಪ್ರಮಾಣೀಕೃತ. ಪ್ರೀತಿಯೇ ನಮ್ಮ ಗುಟ್ಟಿನ ಪದಾರ್ಥ.

ಓದಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ಆದರೆ ಪುಟ ನೋಡಿದ ಮೇಲೂ ಜನ ವಾಟ್ಸಾಪ್‌ನಲ್ಲಿ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಎಲ್ಲಿ ಮಾಡ್ತೀರಿ? ಬಣ್ಣ ಹಾಕ್ತೀರಾ? ಇಂಗಿನಲ್ಲಿ ಮೈದಾ ಇದೆಯಾ? ಹೋದ ಸಲದ ಖಾರದಪುಡಿ ಇಷ್ಟು ಕೆಂಪಗಿತ್ತು, ಈ ಸಲ ಯಾಕೆ ಮಂಕು? ಪುಟದಲ್ಲಿ ಇನ್ನೂ ಏನು ಸೇರಿಸಬೇಕು?

ಪದಕೋಶ_ಜಯನಗರ

ಸೇರಿಸುವ ಮೊದಲು ಕೆಲವನ್ನು ತೆಗೆಯಬೇಕು ಮೇಡಂ. ಪುಟಕ್ಕೆ ಬೇಕಾದ ಸರಕು ನಿಮ್ಮ ವಾಟ್ಸಾಪ್‌ನಲ್ಲೇ ಇದೆ. ಆ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಈ ಕರಡು ಉತ್ತರ ಕೊಡುತ್ತಿದೆಯಾ ನೋಡಿ. "ಬಣ್ಣವಿಲ್ಲ" ಅನ್ನುವುದು ಉತ್ತರದ ಹಾಗೆ ಕಾಣುತ್ತದೆ. ಆದರೆ ಬಣ್ಣ ಹಾಕುವವರೂ ಅದೇ ಮಾತು ಬರೆಯುತ್ತಾರೆ, ಹಾಗಾಗಿ ಓದುವವರು ಅದನ್ನು ದಾಟಿಕೊಂಡು ಹೋಗುತ್ತಾರೆ.

ಆಹಾರ ವ್ಯಾಪಾರದವರ ಪುಟ ಬರೆಯುವಾಗ ನಾನು ಅನುಸರಿಸುವ ಕ್ರಮ ಇಷ್ಟೇ. ಹಾಳೆಯ ಎಡಗಡೆ ಕರಡಿನ ಒಂದೊಂದೇ ಸಾಲು, ಬಲಗಡೆ ಅದಕ್ಕೆ ಮನೆಯಲ್ಲಿರುವ ಆಧಾರ: ಖರೀದಿ ಬಿಲ್ಲು, ಲೈಸೆನ್ಸ್, ಪ್ಯಾಕೆಟ್ಟಿನ ಹಿಂಬದಿ, ಇಲ್ಲವೇ ಆ ಕಾಲವನ್ನು ಕಣ್ಣಾರೆ ಕಂಡ ಮನೆಯವರೊಬ್ಬರ ಮಾತು. ಬಲಗಡೆ ಖಾಲಿ ಉಳಿದರೆ ಎಡಗಡೆಯ ಸಾಲು ಹೋಗಬೇಕು, ಅಥವಾ ಆಧಾರ ಇರುವಷ್ಟಕ್ಕೆ ಇಳಿಯಬೇಕು.

ಇವಿಷ್ಟನ್ನು ತಿಳಿಸಿ. ಮೊದಲು ಯಾರು, ಯಾವ ವರ್ಷ, ಎಲ್ಲಿ ಶುರು ಮಾಡಿದರು? ಈಗ ಹುರಿಯುವುದು ಎಲ್ಲಿ, ಬೀಸುವುದು ಎಲ್ಲಿ, ಪ್ಯಾಕ್ ಮಾಡುವುದು ಎಲ್ಲಿ? ಮೆಣಸಿನಕಾಯಿಯ ಬಿಲ್ಲಿನಲ್ಲಿ ಯಾರ ಹೆಸರಿದೆ, ತಳಿ ಏನೆಂದು ಬರೆದಿದೆ? ಇಂಗು ಯಾವುದು? ಅಳತೆ ಯಾವತ್ತಾದರೂ ಬದಲಾಗಿದೆಯಾ?

ಉಪ್ಪಿನಕಾಯಿ_ಭರಣಿ

ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ನಮ್ಮದು ಮಾವಿನಮಿಡಿ ಉಪ್ಪಿನಕಾಯಿ. ಇನ್‌ಸ್ಟಾಗ್ರಾಂ ಬಯೋದಲ್ಲಿ ಒಂದೂವರೆ ಸಾಲು ಮಾತ್ರ ಹಿಡಿಯುತ್ತದೆ. ಹೆಸರಿನ ಜೊತೆ ಅಡಿಬರಹ ಇದ್ದರೆ ಟ್ರೇಡ್‌ಮಾರ್ಕ್ ಮಾಡಿಸಬೇಕಾ? ಅಮ್ಮನ ಫೋಟೋ ಹಾಕಿದರೆ ಮಾರಾಟ ಹೆಚ್ಚುತ್ತದಾ?

ಪದಕೋಶ_ಜಯನಗರ

ಅದು ಬೇರೆ ವಿಷಯ, ಬೇರೆ ಎಳೆಯಲ್ಲಿ ಕೇಳಿದರೆ ಒಳ್ಳೆಯದು. ಫೋಟೋ ಬಗ್ಗೆ ಮಾತ್ರ ಹೇಳುತ್ತೇನೆ: ಅಮ್ಮ ಈಗಲೂ ಕೆಲಸದಲ್ಲಿದ್ದರೆ ಅವರು ಕೆಲಸ ಮಾಡುತ್ತಿರುವ ಚಿತ್ರ ಹಾಕಿ. ಕೆಲಸ ಬಿಟ್ಟಿದ್ದರೆ ಚಿತ್ರದ ಕೆಳಗೆ ಯಾವ ವರ್ಷದ್ದೆಂದು ಬರೆಯಿರಿ. ಇವತ್ತೂ ಅವರೇ ಭರಣಿ ತುಂಬುತ್ತಾರೆ ಎಂಬ ಭಾವನೆ ಬರಬಾರದು.

ಹುಳಿಪುಡಿ_ಬಸವನಗುಡಿ

ಉತ್ತರಗಳು ಇಲ್ಲಿವೆ. ಶುರು ಮಾಡಿದವರು ನಮ್ಮ ಅತ್ತೆ, 1991ರಲ್ಲಿ, ಬಸವನಗುಡಿಯ ಮನೆಯಲ್ಲಿ. ಅಳತೆ ಅವರ ತಾಯಿಯದು, ಆದರೆ ಅವರು ಮಾರುತ್ತಿರಲಿಲ್ಲ. 2003ರಲ್ಲಿ ಕತ್ತರಿಗುಪ್ಪೆಯಲ್ಲಿ ಜಾಗ ತೆಗೆದುಕೊಂಡು ಸ್ವಂತ ಪಲ್ವರೈಸರ್, ಅಂದರೆ ಬೀಸುವ ಯಂತ್ರ ಹಾಕಿದೆವು. 2020ರಲ್ಲಿ ಅದನ್ನು ಮಾರಬೇಕಾಯಿತು. ಈಗ ಹುರಿಯುವುದು, ಜರಡಿ ಹಿಡಿಯುವುದು, ಪ್ಯಾಕಿಂಗ್ ಎಲ್ಲ ಕತ್ತರಿಗುಪ್ಪೆಯಲ್ಲೇ. ಬೀಸುವುದು ಮಾತ್ರ ಪೀಣ್ಯದ ಒಂದು ಗಿರಣಿಯಲ್ಲಿ, ಜಾಬ್ ವರ್ಕ್. ಮೆಣಸಿನಕಾಯಿ ಯಶವಂತಪುರ ಎಪಿಎಂಸಿ ಯಾರ್ಡಿನ ಒಬ್ಬ ಮಂಡಿಯವರಿಂದ ಬರುತ್ತದೆ. ಬಿಲ್ಲಿನಲ್ಲಿ "ಬ್ಯಾಡಗಿ ಕಡ್ಡಿ" ಮತ್ತು "ಗುಂಟೂರು" ಅಂತ ಇದೆ. ಇಂಗು ಡಬ್ಬದ್ದು. ಅಳತೆ ಒಂದು ಸಲ ಬದಲಾಗಿದೆ, 2015ರ ಸುಮಾರಿಗೆ ಗುಂಟೂರು ಕಡಿಮೆ ಮಾಡಿ ಬ್ಯಾಡಗಿ ಹೆಚ್ಚಿಸಿದೆವು.

ಪೀಣ್ಯದ ವಿಷಯ ಬರೆಯಲು ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ.

ವ್ಯಾಪಾರಿ_ಚಿಕ್ಕಪೇಟೆ

ಬರೆಯಬೇಡಿ ಅಕ್ಕ. ಹೊರಗೆ ಬೀಸಿಸುತ್ತೇವೆ ಅಂದ ಕೂಡಲೇ ಗಿರಾಕಿ ಹೋಗುತ್ತಾನೆ. ಕಾನೂನು ನೋಡುವುದು ಪ್ಯಾಕೆಟ್ಟನ್ನು. ವೆಬ್‌ಸೈಟಿನಲ್ಲಿ ಕಥೆ ಹೇಗೆ ಬೇಕಾದರೂ ಬರೆಯಬಹುದು, ಅದು ಲೇಬಲ್ ಅಲ್ಲ.

ಲೇಬಲ್_ರಾಜಾಜಿನಗರ

ವೆಬ್‌ಸೈಟ್ ಲೇಬಲ್ ಅಲ್ಲ ಅನ್ನುವುದು ಸರಿ. ಆದರೆ ಅದು ಜಾಹೀರಾತು. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಜಾಹೀರಾತು ಎಂಬ ಪದದ ಅರ್ಥದೊಳಗೆ ಇಂಟರ್ನೆಟ್, ವೆಬ್‌ಸೈಟ್ ಎರಡನ್ನೂ ಹೆಸರಿಸಿಯೇ ಸೇರಿಸಿದ್ದಾರೆ. ದಾರಿ ತಪ್ಪಿಸುವ ಜಾಹೀರಾತಿಗೆ 53ನೇ ಸೆಕ್ಷನ್‌ನಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಹಾಗಾಗಿ ಕಥೆಯನ್ನು ಹೇಗೆ ಬೇಕಾದರೂ ಬರೆಯುವ ಹಾಗಿಲ್ಲ.

ಮೇಡಂ ಅವರ ಕರಡಿನಲ್ಲಿ ಅಪಾಯದ ಪದಗಳು ಮೂರಿವೆ. 2018ರಲ್ಲಿ ಬಂದ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿಯಲ್ಲಿ "ಶುದ್ಧ" ಎಂಬುದು ಒಂದೇ ಪದಾರ್ಥದ, ಏನೂ ಸೇರಿಸದ ಆಹಾರಕ್ಕೆ ಮಾತ್ರ. ಹುಳಿಪುಡಿಯಲ್ಲಿ ಹತ್ತು ಪದಾರ್ಥಗಳಿವೆ, ಅದನ್ನು ಶುದ್ಧ ಅನ್ನುವಂತಿಲ್ಲ. "ನೈಸರ್ಗಿಕ" ಕೂಡ ಹಾಗೆಯೇ. "ಮನೆಯಲ್ಲೇ ತಯಾರಿಸಿದ" ಎಂಬ ಮಾತು ಕೊಳ್ಳುವವರಿಗೆ ತಪ್ಪು ಭಾವನೆ ಕೊಡುತ್ತದೆಂದು ಅದನ್ನು ಬಳಸಬಾರದೆಂದೇ ಇದೆ. "ಸಾಂಪ್ರದಾಯಿಕ" ಎಂಬುದನ್ನೂ ಯಾರೂ ಬಳಸುವಂತಿಲ್ಲ.

ಪದಕೋಶ_ಜಯನಗರ

ಕೊನೆಯದೊಂದು ಬಿಟ್ಟು ಉಳಿದದ್ದೆಲ್ಲ ಸರಿ ಸರ್. "ಸಾಂಪ್ರದಾಯಿಕ" ಎಂಬುದಕ್ಕೆ ನಿಷೇಧವಿಲ್ಲ, ಷರತ್ತಿದೆ. ಪಾಕವೋ ಮಾಡುವ ಕ್ರಮವೋ ತಲೆಮಾರುಗಳಿಂದ ಬಂದಿರಬೇಕು, ಅಷ್ಟೂ ಕಾಲ ಮೂಲದಲ್ಲಿ ಬದಲಾಗದೆ ಉಳಿದಿರಬೇಕು. ಇವರು 2015ರಲ್ಲಿ ಮೆಣಸಿನಕಾಯಿಯ ಪಾಲನ್ನು ಬದಲಿಸಿದ್ದಾರೆ. ಅದು ಮೂಲ ಬದಲಾವಣೆಯೋ ಅಲ್ಲವೋ ಎಂದು ವಾದ ಮಾಡಬಹುದು. ನನ್ನ ಪ್ರಕಾರ ವಾದಕ್ಕೆ ಎಡೆಯಿರುವ ಪದವನ್ನು ಬಿಟ್ಟು, ಬದಲಾವಣೆಯನ್ನೇ ಬರೆದರೆ ಓದುವವರಿಗೆ ಹೆಚ್ಚು ಉಪಯೋಗ. "ಅತ್ತೆಯ ಕಾಲದ ಪುಡಿಗಿಂತ ಇದರಲ್ಲಿ ಖಾರ ಸ್ವಲ್ಪ ಕಡಿಮೆ, 2015ರಿಂದ ಗುಂಟೂರು ಕಡಿಮೆ ಹಾಕುತ್ತಿದ್ದೇವೆ" ಅಂತ ಬರೆಯಿರಿ. ಹಳೆಯ ಗಿರಾಕಿಗಳಿಗೆ ಇದು ನಾಲಿಗೆಯಲ್ಲೇ ಗೊತ್ತಾಗಿರುತ್ತದೆ. ಅವರಿಗೆ ಗೊತ್ತಿರುವುದನ್ನು ನೀವೇ ಹೇಳಿದರೆ ಉಳಿದ ಸಾಲುಗಳನ್ನೂ ನಂಬುತ್ತಾರೆ.

"ಎಫ್‌ಎಸ್‌ಎಸ್‌ಎಐ ಪ್ರಮಾಣೀಕೃತ" ಕೂಡ ಹೋಗಬೇಕು. ಲೈಸೆನ್ಸ್ ಕೊಡುವುದು ವ್ಯಾಪಾರ ನಡೆಸಲು. ನಿಮ್ಮ ಪುಡಿಯನ್ನು ಪರೀಕ್ಷಿಸಿ ಒಳ್ಳೆಯದೆಂದು ಅವರು ಹೇಳಿರುವುದಿಲ್ಲ. ಅದರ ಬದಲು 14 ಅಂಕಿಯ ನಂಬರನ್ನೇ ಪುಟದಲ್ಲಿ ಬರೆಯಿರಿ. foscos.fssai.gov.in ತಾಣದಲ್ಲಿ ಆ ನಂಬರು ಹಾಕಿ ಯಾರು ಬೇಕಾದರೂ ಹೆಸರು, ವಿಳಾಸ ನೋಡಬಹುದು ಎಂದು ಒಂದು ಸಾಲು ಸೇರಿಸಿ. ಹಾಕುವ ಮೊದಲು ನೀವೇ ಒಮ್ಮೆ ನೋಡಿಕೊಳ್ಳಿ. ಅಲ್ಲಿ ಹಳೆಯ ಮನೆ ವಿಳಾಸವಿದ್ದು ಪುಟದಲ್ಲಿ ಕತ್ತರಿಗುಪ್ಪೆ ಅಂತಿದ್ದರೆ, ನಂಬಿಕೆಗೆಂದು ಕೊಟ್ಟ ನಂಬರೇ ಅನುಮಾನ ಹುಟ್ಟಿಸುತ್ತದೆ.

ಗಿರಣಿಕಟ್ಟೆ

ಬೀಸುವ ಕಡೆಯಿಂದ ಎರಡು ಮಾತು. ಹೊರಗೆ ಬೀಸಿಸುವುದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಎಷ್ಟೋ ಮನೆಗಳಲ್ಲಿ ಧನಿಯಾ, ಮೆಣಸಿನಕಾಯಿ, ಮೆಂತ್ಯ ಎಲ್ಲ ಮನೆಯಲ್ಲೇ ಹುರಿದು, ಡಬ್ಬಕ್ಕೆ ತುಂಬಿಕೊಂಡು ಬೀದಿ ಕೊನೆಯ ಗಿರಣಿಗೆ ಹೋಗಿ ಬೀಸಿಸಿಕೊಂಡು ಬರುತ್ತಾರೆ. ಹುರಿಯುವುದು ನಮ್ಮ ಕೈ, ಬೀಸುವುದು ಗಿರಣಿ, ಇದು ನಮ್ಮ ಜನಕ್ಕೆ ಗೊತ್ತಿರುವ ಪದ್ಧತಿಯೇ. ಹುಳಿಪುಡಿಯ ರುಚಿ ತೀರ್ಮಾನವಾಗುವುದೂ ಹುರಿಯುವಾಗಲೇ. ಮೆಂತ್ಯ ಒಂದು ಹಂತ ಮೀರಿದರೆ ಇಡೀ ಪುಡಿ ಕಹಿಯಾಗುತ್ತದೆ, ಅದನ್ನು ಯಾವ ಗಿರಣಿಯೂ ಸರಿ ಮಾಡಲಾರದು.

ಆದರೆ ಗಿರಣಿಯಲ್ಲಿ ನಡೆಯುವ ಮೂರು ಸಂಗತಿ ನಿಮಗೆ ಗೊತ್ತಿರಬೇಕು, ಇಲ್ಲದಿದ್ದರೆ "ಏನೂ ಸೇರಿಸಿಲ್ಲ" ಅಂತ ಬರೆಯುವ ಹಾಗಿಲ್ಲ.

ಒಂದು, ನಿಮ್ಮ ಸರಕಿಗೆ ಮುಂಚೆ ಅದೇ ಯಂತ್ರದಲ್ಲಿ ಏನು ಬೀಸಿದರು? ಯಂತ್ರದ ಒಳಗೆ, ಜಾಲರಿಯಲ್ಲಿ, ಚೀಲದಲ್ಲಿ ಹಿಂದಿನದು ಉಳಿದೇ ಇರುತ್ತದೆ. ಮೊದಲ ಒಂದೆರಡು ಕೆಜಿ ತೆಗೆದು ಪಕ್ಕಕ್ಕಿಡುತ್ತಾರಾ ಕೇಳಿ.

ಎರಡು, ಅಚ್ಚಖಾರದ ಪುಡಿಗೆ ಎಣ್ಣೆ ಹಾಕುತ್ತಾರಾ? ಎಷ್ಟೋ ಗಿರಣಿಗಳಲ್ಲಿ ಹಾಕುವುದು ರೂಢಿ. ಘಾಟು ಧೂಳಾಗಿ ಏಳುವುದಿಲ್ಲ, ಕೆಂಪು ಹೊಳೆಯುತ್ತದೆ. ನಿಯಮದಲ್ಲಿ ಖಾದ್ಯ ತೈಲ ತೂಕದ ಶೇ. 2ರವರೆಗೆ ಇರಬಹುದು, ಆದರೆ ಯಾವ ಎಣ್ಣೆ, ಎಷ್ಟು ಎಂದು ಲೇಬಲ್ ಮೇಲೆ ಬರೆದಿರಬೇಕು. ಇದನ್ನು ಗಿರಣಿಯವರು ತಾವಾಗಿ ಹೇಳುವುದಿಲ್ಲ, ಅವರಿಗೆ ಅದು ದಿನದ ಕೆಲಸ.

ಮೂರು, ಪುಡಿ ಬಿಸಿಯಿರುವಾಗಲೇ ಚೀಲ ಕಟ್ಟುತ್ತಾರಾ? ಯಂತ್ರದಿಂದ ಬರುವ ಪುಡಿ ಮುಟ್ಟಿದರೆ ಬಿಸಿ ತಾಗುತ್ತದೆ. ಹಾಗೇ ಕಟ್ಟಿದರೆ ಒಳಗೆ ಬೆವರುತ್ತದೆ, ಆಮೇಲೆ ಗಂಟು, ಮುಗ್ಗಲು ವಾಸನೆ. ಹರಡಿ ಪೂರ್ತಿ ಆರಿದ ಮೇಲೆ ಜರಡಿ ಹಿಡಿದು ತುಂಬಬೇಕು.

ಹುಳಿಪುಡಿ_ಬಸವನಗುಡಿ

ಇವತ್ತೇ ಗಿರಣಿಗೆ ಫೋನ್ ಮಾಡಿ ಕೇಳಿದೆ. ಅಚ್ಚಖಾರಕ್ಕೆ 50 ಕೆಜಿಗೆ ಅರ್ಧ ಲೀಟರ್ ಎಣ್ಣೆ ಹಾಕುತ್ತಾರಂತೆ. ಕಡಲೆಕಾಯಿ ಎಣ್ಣೆ. ನಮಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹುಳಿಪುಡಿಗೆ ಹಾಕುವುದಿಲ್ಲ. ಅದೇ ಯಂತ್ರದಲ್ಲಿ ಬೇರೆಯವರ ಶೇಂಗಾ ಚಟ್ನಿಪುಡಿಯೂ ಬೀಸುತ್ತಾರಂತೆ. ಈಗ ಏನು ಮಾಡಲಿ?

ಲೇಬಲ್_ರಾಜಾಜಿನಗರ

ಪ್ರಮಾಣದ ಮಟ್ಟಿಗೆ ತೊಂದರೆಯಿಲ್ಲ. ಅರ್ಧ ಲೀಟರ್ ಎಣ್ಣೆ ತೂಕದಲ್ಲಿ ಅರ್ಧ ಕೆಜಿಗಿಂತ ಸ್ವಲ್ಪ ಕಡಿಮೆ. 50 ಕೆಜಿಗೆ ಶೇ. 1ರ ಒಳಗೇ ಆಯಿತು. ತೊಂದರೆಯಿರುವುದು ಹೇಳದೆ ಇರುವುದರಲ್ಲಿ. ಎಣ್ಣೆಯ ಹೆಸರು, ಪ್ರಮಾಣ ಪ್ಯಾಕೆಟ್ಟಿನ ಮೇಲೆ ಇರಬೇಕಿತ್ತು. ಅದಕ್ಕಿಂತ ಮುಖ್ಯ, ಕಡಲೆಕಾಯಿ ಅಲರ್ಜಿ ತರುವ ಪದಾರ್ಥಗಳ ಪಟ್ಟಿಯಲ್ಲಿದೆ. ಅಲರ್ಜಿ ಇರುವವರಿಗೆ ಇದು ರುಚಿಯ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಎರಡು ದಾರಿಗಳಿವೆ. ನಮ್ಮ ಸರಕಿಗೆ ಎಣ್ಣೆ ಹಾಕಬೇಡಿ ಎಂದು ಗಿರಣಿಗೆ ಬರವಣಿಗೆಯಲ್ಲಿ ಕೊಡಿ, ಅಥವಾ ಎಣ್ಣೆಯನ್ನು ಲೇಬಲ್ ಮೇಲೆ ಬರೆಯಿರಿ. ಎಣ್ಣೆ ಬಿಟ್ಟರೂ ಯಂತ್ರದಲ್ಲಿ ಶೇಂಗಾ ಬೀಸುವುದರಿಂದ ನಾಲ್ಕೂ ಪುಡಿಗಳ ಪ್ಯಾಕೆಟ್ ಮೇಲೆ ಶೇಂಗಾದ ಅಂಶ ಇರಬಹುದು ಎಂಬ ಎಚ್ಚರಿಕೆ ಬೇಕು.

ಇಂಗಿನದೂ ಇದೇ ಜಾತಿಯ ತೊಂದರೆ. ಡಬ್ಬದ ಇಂಗು ಎಂದರೆ ಗೋಂದು ಮತ್ತು ಹಿಟ್ಟು ಬೆರೆಸಿದ್ದು. ಡಬ್ಬದ ಹಿಂದೆ ಗೋಧಿಹಿಟ್ಟು ಅಥವಾ ಮೈದಾ ಎಂದಿದ್ದರೆ ನಿಮ್ಮ ಹುಳಿಪುಡಿಯಲ್ಲೂ ಗೋಧಿ ಇದೆ, ಅದನ್ನು ಬರೆಯಬೇಕು. ಅಕ್ಕಿಹಿಟ್ಟಿನ ಇಂಗೂ ಅಂಗಡಿಯಲ್ಲಿ ಸಿಗುತ್ತದೆ. ವಾಟ್ಸಾಪ್‌ನಲ್ಲಿ ಮೈದಾ ಕೇಳಿದವರು ಗೋಧಿ ಆಗದವರೇ ಇರಬಹುದು.

ಕೊಳ್ಳುವವಳು_ಮಲ್ಲೇಶ್ವರಂ

ನಾನು ವ್ಯಾಪಾರಿ ಅಲ್ಲ, ಕೊಳ್ಳುವವಳು. 2024ರಲ್ಲಿ ಹಾಂಕಾಂಗ್, ಸಿಂಗಪುರದಲ್ಲಿ ನಮ್ಮ ದೇಶದ ಮಸಾಲೆಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಎಂಬ ರಾಸಾಯನಿಕ ಸಿಕ್ಕಿತೆಂಬ ಸುದ್ದಿ ಬಂದ ಮೇಲೆ ಯಾವ ಪುಡಿ ತೆಗೆದುಕೊಂಡರೂ ಹಿಂಬದಿ ಓದುತ್ತೇನೆ. "ರಾಸಾಯನಿಕವಿಲ್ಲ" ಅಂತ ಇರುವುದೇ ಒಳ್ಳೆಯದಲ್ಲವಾ, ಯಾಕೆ ತೆಗೆಯಬೇಕು?

ಪದಕೋಶ_ಜಯನಗರ

ಅದನ್ನು ಹೇಳುವ ಆಧಾರ ಇವರ ಹತ್ತಿರ ಇಲ್ಲ ಮೇಡಂ. ಮೆಣಸಿನಕಾಯಿಗೆ ಹೊಲದಲ್ಲಿ ಔಷಧಿ ಹೊಡೆದಿರುತ್ತಾರೆ, ಅದರ ಶೇಷ ಎಷ್ಟಿದೆ ಎಂಬುದು ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಇವರು ಹೇಳಬಹುದಾದದ್ದು ತಮ್ಮ ಕೈಯೊಳಗಿನದ್ದು ಮಾತ್ರ: "ನಾವು ಬಣ್ಣ ಸೇರಿಸುವುದಿಲ್ಲ, ಕೆಡದಂತೆ ಇಡುವ ಪದಾರ್ಥ ಹಾಕುವುದಿಲ್ಲ."

ಪರೀಕ್ಷೆ ಮಾಡಿಸಿದರೆ ಅದನ್ನು ಬರೆಯುವುದಕ್ಕೂ ಒಂದು ಕ್ರಮವಿದೆ. ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನ ವರದಿ ಆ ಮಾದರಿಗಷ್ಟೇ ಅನ್ವಯಿಸುತ್ತದೆ, ವರದಿಯಲ್ಲೇ ಹಾಗೆಂದು ಬರೆದಿರುತ್ತದೆ. ಒಂದು ವರದಿ ಇಟ್ಟುಕೊಂಡು "ನಮ್ಮ ಎಲ್ಲ ಪುಡಿಗಳೂ ಲ್ಯಾಬ್ ಪರೀಕ್ಷಿತ" ಎಂದರೆ ಸುಳ್ಳಾಗುತ್ತದೆ. ಯಾವ ಪುಡಿ, ಯಾವ ಬ್ಯಾಚ್, ಯಾವ ತಿಂಗಳು, ಏನನ್ನು ಪರೀಕ್ಷಿಸಿದರು ಎಂದು ಬರೆದು ವರದಿಯನ್ನೇ ಜೊತೆಗೆ ಹಾಕಿ. ವರ್ಷಗಟ್ಟಲೆ ಅದೇ ವರದಿ ನೇತಾಡಿಕೊಂಡಿರಬಾರದು.

ಗಿರಣಿಕಟ್ಟೆ

"ಬ್ಯಾಡಗಿಯ ರೈತರಿಂದ ನೇರವಾಗಿ" ಎಂಬ ಸಾಲಿನ ಬಗ್ಗೆ ಯಾರೂ ಹೇಳಲಿಲ್ಲ. ಯಶವಂತಪುರದ ಮಂಡಿಯ ಬಿಲ್ಲು ಇಟ್ಟುಕೊಂಡು ನೇರವಾಗಿ ಅನ್ನುವ ಹಾಗಿಲ್ಲ, ಅದು ಸ್ಪಷ್ಟ. ಅದರ ಹಿಂದೆ ಇನ್ನೊಂದಿದೆ. ಬ್ಯಾಡಗಿ ಎಂಬುದು ಹಾವೇರಿ ಜಿಲ್ಲೆಯ ಊರಿನ ಹೆಸರೂ ಹೌದು, ಮಾರುಕಟ್ಟೆಯ ಹೆಸರೂ ಹೌದು, ತಳಿಯ ಹೆಸರೂ ಹೌದು. ಬ್ಯಾಡಗಿ ತಳಿ ಧಾರವಾಡ, ಗದಗ, ಹಾವೇರಿಯ ಹೊಲಗಳಲ್ಲಿ ಬೆಳೆಯುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಬೇರೆ ತಳಿಗಳೂ ಬರುತ್ತವೆ. ಹಾಗಾಗಿ "ಬ್ಯಾಡಗಿಯಿಂದ ಬಂದದ್ದು" ಮತ್ತು "ಬ್ಯಾಡಗಿ ಮೆಣಸಿನಕಾಯಿ" ಒಂದೇ ಅಲ್ಲ. ಬಿಲ್ಲಿನಲ್ಲಿ ಬ್ಯಾಡಗಿ ಕಡ್ಡಿ ಎಂದಿದ್ದರೆ ಪುಟದಲ್ಲೂ ಬ್ಯಾಡಗಿ ಕಡ್ಡಿ ಎಂದೇ ಬರೆಯಿರಿ. ಕಡ್ಡಿ ಉದ್ದಕ್ಕೆ, ತೆಳ್ಳಗೆ, ಸುಕ್ಕಾಗಿರುತ್ತದೆ. ಡಬ್ಬಿ ಗಿಡ್ಡಕ್ಕೆ, ಉಬ್ಬಿಕೊಂಡಿರುತ್ತದೆ. ಒಂದು ಹಿಡಿ ಕಾಯಿಯ ಫೋಟೋ ಹಾಕಿದರೆ ತಿಳಿದವರು ನೋಡಿದ ಕೂಡಲೇ ಗುರುತಿಸುತ್ತಾರೆ.

ಬಣ್ಣ ಮಂಕಾಗುವ ಪ್ರಶ್ನೆಗೂ ಇಲ್ಲೇ ಉತ್ತರ. ಹೊಸ ಕಾಯಿ ಮಾರುಕಟ್ಟೆಗೆ ಹೆಚ್ಚಾಗಿ ಬರುವುದು ಜನವರಿಯಿಂದ ಮಾರ್ಚಿನ ಒಳಗೆ. ಉಳಿದ ತಿಂಗಳುಗಳಲ್ಲಿ ಸಿಗುವುದು ಬಹುತೇಕ ಕೋಲ್ಡ್ ಸ್ಟೋರೇಜಿನದು. ಹೊರಗೆ ತೆಗೆದ ಮೇಲೆ ಗಾಳಿ ಬೆಳಕು ತಾಗಿದಷ್ಟೂ ಕೆಂಪು ಇಳಿಯುತ್ತದೆ. ಬಣ್ಣ ಹಾಕದ ಪುಡಿ ವರ್ಷವಿಡೀ ಒಂದೇ ಕೆಂಪಿನಲ್ಲಿ ಇರುವುದು ಕಷ್ಟ. ಇದನ್ನು ಪುಟದಲ್ಲಿ ಬರೆದರೆ "ಬಣ್ಣವಿಲ್ಲ" ಎಂಬ ಮಾತಿಗೆ ಅರ್ಥ ಬರುತ್ತದೆ.

ವ್ಯಾಪಾರಿ_ಚಿಕ್ಕಪೇಟೆ

ಇಷ್ಟೆಲ್ಲ ಬಿಚ್ಚಿ ಬರೆದರೆ ಮನೆಯ ಗುಟ್ಟು ಏನು ಉಳಿಯುತ್ತದೆ? ನಾಳೆ ಇನ್ನೊಬ್ಬ ಇದೇ ಪುಡಿ ಮಾಡುತ್ತಾನೆ.

ಪದಕೋಶ_ಜಯನಗರ

ಪದಾರ್ಥಗಳ ಹೆಸರು ಹೇಗೂ ಪ್ಯಾಕೆಟ್ ಮೇಲೆ ಇರಲೇಬೇಕು, ತೂಕದಲ್ಲಿ ಹೆಚ್ಚಿನದು ಮೊದಲು ಬರುವ ಕ್ರಮದಲ್ಲಿ. ಗುಟ್ಟು ಉಳಿಯುವುದು ಪಾಲಿನಲ್ಲಿ ಮತ್ತು ಹುರಿಯುವ ಹದದಲ್ಲಿ, ಅದನ್ನು ಬರೆಯಿರೆಂದು ಯಾರೂ ಹೇಳುತ್ತಿಲ್ಲ.

ಮೇಡಂ, ನಿಮ್ಮ ಉತ್ತರಗಳನ್ನಿಟ್ಟುಕೊಂಡು ಒಂದು ಕರಡು ಮಾಡಿದ್ದೇನೆ. ಖಾರದಪುಡಿಗೆ ಎಣ್ಣೆ ನಿಲ್ಲಿಸುತ್ತೀರಿ ಮತ್ತು ಡಬ್ಬದ ಇಂಗಿನಲ್ಲಿ ಗೋಧಿ ಇದೆ ಎಂದುಕೊಂಡು ಬರೆದಿದ್ದೇನೆ. ಇವೆರಡರಲ್ಲಿ ಯಾವುದು ಬೇರೆಯಾದರೂ ಆ ಸಾಲು ಬದಲಾಗಬೇಕು.

> 1991ರಲ್ಲಿ ನಮ್ಮ ಅತ್ತೆ ಬಸವನಗುಡಿಯ ಮನೆಯಲ್ಲಿ ಹುಳಿಪುಡಿ ಮಾಡಿ ಮಾರಲು ಶುರು ಮಾಡಿದರು. ಅಳತೆ ಅವರ ತಾಯಿಯದು. 2015ರಿಂದ ಗುಂಟೂರು ಮೆಣಸಿನಕಾಯಿ ಕಡಿಮೆ ಮಾಡಿ ಬ್ಯಾಡಗಿ ಕಡ್ಡಿ ಹೆಚ್ಚಿಸಿದ್ದೇವೆ, ಹಾಗಾಗಿ ಆಗಿನದಕ್ಕಿಂತ ಖಾರ ಸ್ವಲ್ಪ ಕಡಿಮೆ.
>
> ಮೆಣಸಿನಕಾಯಿಯನ್ನು ಯಶವಂತಪುರದ ಎಪಿಎಂಸಿ ಯಾರ್ಡಿನ ಮಂಡಿಯವರಿಂದ ಕೊಳ್ಳುತ್ತೇವೆ. ಹುರಿಯುವುದು, ಜರಡಿ ಹಿಡಿಯುವುದು, ಪ್ಯಾಕ್ ಮಾಡುವುದು ಕತ್ತರಿಗುಪ್ಪೆಯ ನಮ್ಮ ಜಾಗದಲ್ಲಿ. ಬೀಸುವುದು ಪೀಣ್ಯದ ಗಿರಣಿಯಲ್ಲಿ. 2020ರವರೆಗೆ ಸ್ವಂತ ಯಂತ್ರವಿತ್ತು, ಈಗ ಇಲ್ಲ.
>
> ಬಣ್ಣ ಸೇರಿಸುವುದಿಲ್ಲ. ಹೊಸ ಕಾಯಿ ಬರುವ ಜನವರಿಯಿಂದ ಮಾರ್ಚಿನಲ್ಲಿ ಖಾರದಪುಡಿ ಹೆಚ್ಚು ಕೆಂಪಗಿರುತ್ತದೆ, ಮಳೆಗಾಲದ ಹೊತ್ತಿಗೆ ಕೆಂಪು ಇಳಿಯುತ್ತದೆ.
>
> ಹುಳಿಪುಡಿ, ಸಾರಿನಪುಡಿಯಲ್ಲಿರುವ ಇಂಗಿನಲ್ಲಿ ಗೋಧಿಹಿಟ್ಟು ಇದೆ. ನಮ್ಮ ಪುಡಿಗಳನ್ನು ಬೀಸುವ ಯಂತ್ರದಲ್ಲಿ ಶೇಂಗಾ ಕೂಡ ಬೀಸುತ್ತಾರೆ.

ಇದರ ಕೆಳಗೆ ವ್ಯಾಪಾರದ ಅಧಿಕೃತ ಹೆಸರು, ಪೂರ್ತಿ ವಿಳಾಸ, ಲೈಸೆನ್ಸ್ ನಂಬರು, ಫೋನು, ದೂರು ಕೇಳುವವರ ಹೆಸರು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ಮಾರುವವರು ಹೆಸರು, ವಿಳಾಸ, ಫೋನು, ದೂರು ಕೇಳುವವರ ವಿವರ ತೋರಿಸಲೇಬೇಕು. ದೂರು ಬಂದರೆ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಬೇರೆ ಮೂಲೆಯಲ್ಲಿ ಹುಗಿದಿಡುವ ಬದಲು ಕಥೆಯ ಕೆಳಗೇ ಇಟ್ಟರೆ ಹುಡುಕುವ ಕಷ್ಟವಿರುವುದಿಲ್ಲ.

ನಾಲ್ಕು ತಲೆಮಾರು ತೆಗೆದಿದ್ದೇನೆ. ಮಾರಿದವರು ಅತ್ತೆ ಮತ್ತು ನೀವು, ಎರಡೇ. ಅಳತೆ ಲೆಕ್ಕ ಹಾಕಿದರೆ ಮೂರು. ಪ್ರೀತಿಯ ಸಾಲನ್ನೂ ತೆಗೆದಿದ್ದೇನೆ.

ಕೊಳ್ಳುವವಳು_ಮಲ್ಲೇಶ್ವರಂ

ಕೊಳ್ಳುವವಳಾಗಿ ಹೇಳುತ್ತೇನೆ, ಗೋಧಿಯ ಸಾಲು ಮತ್ತು ಕೆಂಪು ಇಳಿಯುವ ಸಾಲು ನನಗೆ ಬಹಳ ಹಿಡಿಸಿತು. ಆದರೆ "ಸ್ವಂತ ಯಂತ್ರವಿತ್ತು, ಈಗ ಇಲ್ಲ" ಓದಿದಾಗ ವ್ಯಾಪಾರ ಬಿದ್ದುಹೋಗುತ್ತಿದೆಯೇನೋ ಅನಿಸಿತು. ಅದು ನನಗೆ ಬೇಕಾಗಿರಲಿಲ್ಲ.

ಗಿರಣಿಕಟ್ಟೆ

ಆ ಸಾಲು ಇರಲಿ ಅನ್ನುತ್ತೇನೆ. 2020ಕ್ಕೆ ಮುಂಚೆ ಕತ್ತರಿಗುಪ್ಪೆಯ ಯಂತ್ರ ನೋಡಿದ ಗಿರಾಕಿಗಳಿದ್ದಾರೆ. ಅವರು ಬಂದು "ಎಲ್ಲಿ ಯಂತ್ರ?" ಅಂತ ಕೇಳುತ್ತಾರೆ.

ಪದಕೋಶ_ಜಯನಗರ

ಇಬ್ಬರ ಮಾತಿನಲ್ಲೂ ಹುರುಳಿದೆ. ಹಳೆಯ ಗಿರಾಕಿಗೆ ಆ ಸಾಲು ಬೇಕು, ಹೊಸಬರಿಗೆ ಬೇಡ. ಈ ಪುಟವನ್ನು ಹೆಚ್ಚಾಗಿ ಓದುವವರು ಯಾರೆಂದು ಮೇಡಂ ಅವರಿಗೇ ಗೊತ್ತಿರಬೇಕು. ಪೀಣ್ಯದ ಸಾಲು ಮಾತ್ರ ಎರಡು ಸಂದರ್ಭದಲ್ಲೂ ಉಳಿಯಲೇಬೇಕು. ಪ್ಯಾಕೆಟ್ಟಿನ ಹಿಂದೆ ತಯಾರಕರು ಎಂದು ಯಾರ ವಿಳಾಸವಿದೆ ನೋಡಿ. ಅಲ್ಲಿ ಒಂದು, ಪುಟದಲ್ಲಿ ಇನ್ನೊಂದು ಇದ್ದರೆ ಮಲ್ಲೇಶ್ವರದ ಮೇಡಂ ಅವರಂಥ ಓದುಗರು ಮೊದಲು ಹಿಡಿಯುವುದು ಅದನ್ನೇ.

ವ್ಯಾಪಾರಿ_ಚಿಕ್ಕಪೇಟೆ

ಗಿರಣಿಯ ಊರು ಹಾಕಿದರೆ ಹೆಸರೂ ಹಾಕಿ ಅನ್ನುತ್ತೀರಾ? ಅಲ್ಲಿಗೇ ಹೋಗಿ ಪೈಪೋಟಿಯವರು ಬೀಸಿಸಿಕೊಳ್ಳುತ್ತಾರೆ. ನಾನಂತೂ ಹಾಕುವುದಿಲ್ಲ.

ಲೇಬಲ್_ರಾಜಾಜಿನಗರ

'ನಮ್ಮ ಬಗ್ಗೆ' ಪುಟದಲ್ಲಿ ಗಿರಣಿಯ ಹೆಸರು ಬೇಕೇಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಆ ಗಿರಣಿಗೆ ಸ್ವಂತ ಲೈಸೆನ್ಸ್ ಇದೆಯಾ ಎಂದು ನೋಡಿ, ಅದರ ಪ್ರತಿ ನಿಮ್ಮ ಕಡತದಲ್ಲಿ ಇರಲಿ.

ಹುಳಿಪುಡಿ_ಬಸವನಗುಡಿ

ಎಲ್ಲರಿಗೂ ವಂದನೆಗಳು. ಮನೆಯಲ್ಲಿ ಓದಿ ಹೇಳಿದೆ. ಅತ್ತೆ ಒಂದೇ ತಿದ್ದುಪಡಿ ಹೇಳಿದರು: ಶುರು ಮಾಡಿದ್ದು ಹುಳಿಪುಡಿಯಿಂದಲ್ಲ, ಸಾರಿನಪುಡಿಯಿಂದ. ಹುಳಿಪುಡಿ ಬಂದದ್ದು ಎರಡು ವರ್ಷ ಆದ ಮೇಲೆ. ತಿದ್ದುತ್ತೇನೆ.

ಇಂಗಿನ ಡಬ್ಬ ನೋಡಿದೆ, ಮೈದಾ ಎಂದೇ ಇದೆ. ಅಕ್ಕಿಹಿಟ್ಟಿನ ಇಂಗಿನಲ್ಲಿ ಒಂದು ಸಣ್ಣ ಬ್ಯಾಚ್ ಮಾಡಿ ರುಚಿ ನೋಡುತ್ತೇವೆ. ಅಲ್ಲಿಯವರೆಗೆ ಗೋಧಿಯ ಸಾಲು ಇರುತ್ತದೆ. ಎಣ್ಣೆ ಹಾಕಬೇಡಿ ಎಂದು ಗಿರಣಿಗೆ ಬರೆದುಕೊಟ್ಟಾಯಿತು, ಲೈಸೆನ್ಸ್ ಪ್ರತಿಯನ್ನೂ ಕೇಳಿದ್ದೇನೆ. ಎಣ್ಣೆ ಹಾಕಿದ ಹಳೆಯ ಖಾರದಪುಡಿ 60 ಪ್ಯಾಕೆಟ್ ಉಳಿದಿತ್ತು, ಮಾರಾಟ ನಿಲ್ಲಿಸಿದ್ದೇವೆ. ಈಗಾಗಲೇ ಕೊಂಡವರಿಗೆ ವಾಟ್ಸಾಪ್‌ನಲ್ಲಿ ಕಡಲೆಕಾಯಿ ಎಣ್ಣೆಯ ವಿಷಯ ತಿಳಿಸುತ್ತಿದ್ದೇವೆ.

ಗಿರಣಿಯವರು ತಮ್ಮ ಹೆಸರು ಬೇಡ, ಪೀಣ್ಯ ಅಂತ ಹಾಕಿಕೊಳ್ಳಿ ಅಂದರು. ಯಂತ್ರ ಮಾರಿದ ಸಾಲಿನ ಬಗ್ಗೆ ಮನೆಯಲ್ಲಿ ಇನ್ನೂ ಮಾತು ನಡೆಯುತ್ತಿದೆ.